58ಕ್ಕೆ ಪಿಎಫ್ ಎಷ್ಟಾಗಬಹುದು? ಆಪ್ ಬಿಡಿ, ಪಾಸ್‌ಬುಕ್ ತೆಗೆಯಿರಿ

ಪ್ರಶ್ನೆ: ಸರ್, 2025ರ ಏಪ್ರಿಲ್‌ಗೆ ನನಗೆ 43 ತುಂಬಿತು. ತುಮಕೂರಿನ ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರಿಯಲ್ಲಿದ್ದೇನೆ. 58ಕ್ಕೆ ರಿಟೈರ್. ಪಾಸ್‌ಬುಕ್‌ನಲ್ಲಿ 2025ರ ಮಾರ್ಚ್ ಕೊನೆಗೆ 5,69,789 ರೂಪಾಯಿ ಇದೆ. ಆ ವರ್ಷದ ಬಡ್ಡಿ 41,429. ಬೇಸಿಕ್ ಪ್ಲಸ್ ಡಿಎ 22,000, ಗ್ರಾಸ್ 38,200. ಸಂಬಳ ವರ್ಷಕ್ಕೆ 8 ಪರ್ಸೆಂಟ್ ಏರುತ್ತೆ. ಒಂದು ಆಪ್‌ನಲ್ಲಿ ಹಾಕಿ ನೋಡಿದ್ರೆ 50 ಲಕ್ಷ ದಾಟುತ್ತೆ ಅಂತ ಬಂತು. ಪಕ್ಕದ ಕಂಪನಿಯಲ್ಲಿರೋ ನನ್ನ ಭಾವಮೈದ 26 ಲಕ್ಷ ಬಂದ್ರೆ ಹೆಚ್ಚು ಅಂತಾನೆ. ಯಾವುದನ್ನು ನಂಬಲಿ? ಪಾಸ್‌ಬುಕ್ ಫೋಟೋ, ಹಳೇ ಸಂಬಳದ ಚೀಟಿ ಎರಡೂ ಕಳಿಸಿದ್ದೇನೆ.

ಉತ್ತರ: ನನ್ನ ಲೆಕ್ಕದಲ್ಲಿ ಸುಮಾರು 39 ಲಕ್ಷ. ಆಪ್ ಕೂಡಿಸಿ ಗುಣಿಸಿದ್ದರಲ್ಲಿ ತಪ್ಪಿಲ್ಲ, ನಿಮ್ಮ ಭಾವಮೈದನದೂ ತಪ್ಪಿಲ್ಲ. ಆಪ್‌ಗೆ ಹಾಕಿದ ಅಂಕಿ ಬೇರೆ, ನಿಮ್ಮ ಪಾಸ್‌ಬುಕ್‌ನಲ್ಲಿರುವುದು ಬೇರೆ. ಭಾವಮೈದ ಹೇಳುತ್ತಿರುವುದು ಅವರ ಕಂಪನಿಯ ಲೆಕ್ಕ. ಅದಕ್ಕೇ ಮುಂದಿನ 15 ವರ್ಷಕ್ಕೆ ಹೋಗುವ ಮೊದಲು ಕಳೆದ ಒಂದು ವರ್ಷವನ್ನು ನಾವೇ ಕೈಯಿಂದ ಮಾಡಿ ನೋಡೋಣ. ಪಾಸ್‌ಬುಕ್‌ನಲ್ಲಿ ಬಂದಿರುವ ಬಡ್ಡಿ ನಮ್ಮ ಕೈಲೆಕ್ಕಕ್ಕೆ ಸರಿಹೋದರೆ ಮಾತ್ರ ಮುಂದಿನ ಲೆಕ್ಕಕ್ಕೆ ಅರ್ಥ.

ನಿಮ್ಮ ಫೋಟೋದಲ್ಲಿ 2024-25ರ ಆರಂಭದ ಮೊತ್ತ 4,80,000. ಆಮೇಲೆ ಪ್ರತಿ ತಿಂಗಳೂ ಮೂರು ಅಂಕಿ ಬಿದ್ದಿವೆ. ನಿಮ್ಮ ಪಾಲು 2,640. ಕಂಪನಿ ಪಾಲು 1,390. ಪೆನ್ಷನ್ 1,250. ಮೊದಲನೆಯದು 22,000ದ ಶೇಕಡಾ 12. ಕಂಪನಿಯೂ ಅಷ್ಟೇ 2,640 ಕೊಡುತ್ತದೆ, ಆದರೆ ಅದರಿಂದ 1,250 ಪೆನ್ಷನ್ ನಿಧಿಗೆ ಹೋಗಿಬಿಡುತ್ತದೆ. ಈ 1,250 ಎಲ್ಲಿಂದ ಬಂತು ಅಂದರೆ, ಪೆನ್ಷನ್‌ಗೆ ಲೆಕ್ಕ ಹಿಡಿಯುವ ಸಂಬಳದ ಮಿತಿ 2014ರ ಸೆಪ್ಟೆಂಬರ್‌ನಿಂದ 15,000. ಅದರ 8.33 ಪರ್ಸೆಂಟ್. ನಿಮ್ಮ ಬೇಸಿಕ್ 22,000 ಆಗಲಿ, 45,000 ಆಗಲಿ, ಈ ಅಂಕಿ ಅಲ್ಲಾಡುವುದಿಲ್ಲ. ಪಾಸ್‌ಬುಕ್‌ನಲ್ಲಿ ಪೆನ್ಷನ್ ಕಾಲಂ ಕಾಣಿಸುತ್ತದೆ, ಮೊತ್ತವೂ ಬೆಳೆಯುತ್ತಾ ಹೋಗುತ್ತದೆ. ಆದರೆ ಅದಕ್ಕೆ ಬಡ್ಡಿ ಸೇರುವುದಿಲ್ಲ, ನಿವೃತ್ತಿಯ ದಿನ ಆ ದುಡ್ಡು ಪಿಎಫ್ ಜೊತೆ ಕೈಗೂ ಬರುವುದಿಲ್ಲ. ಅದು ತಿಂಗಳ ಪೆನ್ಷನ್ ದಾರಿ ಹಿಡಿಯುತ್ತದೆ, ಅದರ ಲೆಕ್ಕವೇ ಬೇರೆ. ಹಾಗಾಗಿ ನಮ್ಮ ಲೆಕ್ಕಕ್ಕೆ ಬರುವುದು ತಿಂಗಳಿಗೆ 2,640 ಮತ್ತು 1,390, ಒಟ್ಟು 4,030. ವರ್ಷಕ್ಕೆ 48,360.

ಈಗ ಬಡ್ಡಿ. 2024-25ಕ್ಕೆ ದರ 8.25 ಪರ್ಸೆಂಟ್. ಬಹಳ ಜನ ಆರಂಭದ ಮೊತ್ತಕ್ಕೆ ಇಡೀ ವರ್ಷ ಕಟ್ಟಿದ್ದನ್ನು ಸೇರಿಸಿ, ಒಟ್ಟಿಗೆ 8.25 ಹಾಕಿ, 'ಬಡ್ಡಿ ಕಡಿಮೆ ಬಂದಿದೆ' ಅಂತ ಗಾಬರಿಯಾಗುತ್ತಾರೆ. ಹಾಗಲ್ಲ. ಬಡ್ಡಿ ಲೆಕ್ಕ ನಡೆಯುವುದು ತಿಂಗಳ ಬಾಕಿಯ ಮೇಲೆ. ವರ್ಷದ ಆರಂಭದಲ್ಲಿ ಇದ್ದ ದುಡ್ಡಿಗೆ ಪೂರ್ತಿ 12 ತಿಂಗಳ ಬಡ್ಡಿ. ಆಮೇಲೆ ಜಮಾ ಆದ ಪ್ರತಿ ಕಂತಿಗೂ, ಜಮಾ ಆದ ತಿಂಗಳು ಬಿಟ್ಟು ಅದರ ಮುಂದಿನ ತಿಂಗಳಿನಿಂದ. ಏಪ್ರಿಲ್‌ನಲ್ಲಿ ಬಿದ್ದ ಕಂತಿಗೆ 11 ತಿಂಗಳು, ಮೇನಲ್ಲಿ ಬಿದ್ದದ್ದಕ್ಕೆ 10, ಹೀಗೆ ಇಳಿಯುತ್ತಾ ಬಂದು ಮಾರ್ಚ್‌ನಲ್ಲಿ ಬಿದ್ದದ್ದಕ್ಕೆ ಸೊನ್ನೆ. 11ರಿಂದ ಸೊನ್ನೆವರೆಗೆ ಕೂಡಿಸಿದರೆ 66. ಅಂದರೆ 12 ಕಂತಿಗೆ ಸರಾಸರಿ ಐದೂವರೆ ತಿಂಗಳ ಬಡ್ಡಿ. ಈ ಐದೂವರೆ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಆರಂಭದ 4,80,000ಕ್ಕೆ 8.25ರಂತೆ 39,600. ವರ್ಷದಲ್ಲಿ ಕಟ್ಟಿದ 48,360ಕ್ಕೆ ಅದೇ ದರದಲ್ಲಿ ಐದೂವರೆ ತಿಂಗಳಿಗೆ 1,829. ಕೂಡಿಸಿದರೆ 41,429. ನಿಮ್ಮ ಪಾಸ್‌ಬುಕ್‌ನಲ್ಲಿ `Int. Updated upto 31/03/2025` ಅನ್ನುವ ಸಾಲಿನಲ್ಲಿ ನಿಮ್ಮ ಪಾಲು, ಕಂಪನಿ ಪಾಲು ಸೇರಿ ಇರುವುದೂ ಇಷ್ಟೇ. ಒಂದೆರಡು ರೂಪಾಯಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಎರಡು ಪಾಲಿಗೂ ಬೇರೆ ಬೇರೆ ಲೆಕ್ಕ ಹಾಕಿ ಪೈಸೆ ತೆಗೆಯುತ್ತಾರೆ. ನೂರಾರು ರೂಪಾಯಿ ವ್ಯತ್ಯಾಸ ಬಂದರೆ ಮಾತ್ರ ಹುಡುಕಬೇಕು. ವರ್ಷದ ನಡುವೆ ಅಡ್ವಾನ್ಸ್ ತೆಗೆದಿದ್ದೀರಾ? ನಡುವೆ ಸಂಬಳ ಏರಿದೆಯಾ? 12 ಕಂತೂ ಇದೆಯಾ? ಜಮಾ ಆದ ತಾರೀಖು ಸರಿಯಾಗಿದೆಯಾ?

ಕೊನೆಯದರ ಬಗ್ಗೆ ಒಂದು ಮಾತು. ನಾನು 2019-20ರಲ್ಲಿ ಕೆಲಸ ಮಾಡುತ್ತಿದ್ದ ಕಡೆ ಇದು ನನಗೇ ಆಯಿತು. ಒಂದು ತಿಂಗಳ ಸಂಬಳದ ಪಿಎಫ್ ಮುಂದಿನ ತಿಂಗಳ 15ರ ಒಳಗೆ ಕಟ್ಟಬೇಕು. ಅವರು ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರನ್ನೂ ಒಟ್ಟಿಗೆ ಡಿಸೆಂಬರ್‌ನಲ್ಲಿ ಕಟ್ಟಿದ್ದರು. ತಿಂಗಳಿಗೆ 3,000ದ ಹಾಗೆ ಒಂದಕ್ಕೆ ನಾಲ್ಕು, ಒಂದಕ್ಕೆ ಮೂರು, ಒಂದಕ್ಕೆ ಎರಡು, ಒಟ್ಟು ಒಂಬತ್ತು ತಿಂಗಳ ಬಡ್ಡಿ ಹೋಯಿತು. ಆಗಿನ 8.5ರ ದರದಲ್ಲಿ 191 ರೂಪಾಯಿ. 191 ರೂಪಾಯಿಗೆ ಯಾರು ಜಗಳ ಆಡುತ್ತಾರೆ ಅಲ್ವಾ? ಆದರೆ ಕಂಪನಿಯ ಕೈ ಬಿಗಿಯಾಗಿದೆ ಅನ್ನುವುದು ನನಗೆ ಮೊದಲು ಗೊತ್ತಾಗಿದ್ದು ಆ 191 ರೂಪಾಯಿಯಿಂದಲೇ.

ನಿಮ್ಮದು ಸರಿಹೋಯಿತು, ಹಾಗಾಗಿ ಮುಂದಕ್ಕೆ ಹೋಗಬಹುದು. ಇಲ್ಲಿ ಎರಡು ಅಂಕಿ ನಾವು ಊಹಿಸಬೇಕು: ಸಂಬಳ ಎಷ್ಟು ಏರುತ್ತದೆ, ಬಡ್ಡಿ ದರ ಎಷ್ಟಿರುತ್ತದೆ. ಎಲ್ಲರೂ ಬಡ್ಡಿ ದರದ ಬಗ್ಗೆಯೇ ಕೇಳುತ್ತಾರೆ. ನಿಮ್ಮ ಲೆಕ್ಕವನ್ನು ಮೇಲೆ ಕೆಳಗೆ ಮಾಡುತ್ತಿರುವುದು ಮೊದಲನೆಯದು.

8 ಪರ್ಸೆಂಟ್ ಅಂದಿರಿ. ನಿಮ್ಮ ಹಳೇ ಚೀಟಿ ನೋಡಿದೆ. 2020ರ ಮಾರ್ಚ್‌ನಲ್ಲಿ ಗ್ರಾಸ್ 26,000, ಈಗ 38,200. ಐದು ವರ್ಷದಲ್ಲಿ ವರ್ಷಕ್ಕೆ ಸರಿಯಾಗಿ 8 ಪರ್ಸೆಂಟ್, ನೀವು ಹೇಳಿದ್ದು ನಿಜ. ಆದರೆ ಪಿಎಫ್‌ಗೆ ಗ್ರಾಸ್ ಬೇಕಾಗಿಲ್ಲ. ಪಾಸ್‌ಬುಕ್‌ನಲ್ಲಿ ಪ್ರತಿ ಸಾಲಿನಲ್ಲೂ ಇಪಿಎಫ್ ವೇತನ ಅಂತ ಒಂದು ಕಾಲಂ ಇದೆ, ನೋಡಿ. 2020ರ ಮಾರ್ಚ್‌ನಲ್ಲಿ ಅದು 17,000, ಈಗ 22,000. ಅದು ಏರಿದ್ದು ವರ್ಷಕ್ಕೆ 5.3 ಪರ್ಸೆಂಟ್ ಮಾತ್ರ. ಉಳಿದ ಏರಿಕೆ ಎಲ್ಲಿ ಹೋಯಿತು? ಮನೆ ಬಾಡಿಗೆ ಭತ್ಯೆ, ಶಿಫ್ಟ್ ಭತ್ಯೆ, ಸ್ಪೆಷಲ್ ಅಲೋವೆನ್ಸ್. ಕೈಗೆ ಬರುವ ದುಡ್ಡು ಜಾಸ್ತಿಯಾಯಿತು, ಪಿಎಫ್‌ಗೆ ಹೋಗುವುದು ಅದೇ ಓಟದಲ್ಲಿ ಜಾಸ್ತಿಯಾಗಲಿಲ್ಲ. ಬಹಳ ಕಂಪನಿಗಳಲ್ಲಿ ಇನ್‌ಕ್ರಿಮೆಂಟ್ ಹಂಚುವ ರೀತಿಯೇ ಇದು.

ಆದ್ದರಿಂದ ನಿಮಗೆ ನಾನು 5 ಪರ್ಸೆಂಟ್ ಹಿಡಿಯುತ್ತೇನೆ. ಕಳೆದ ಐದು ವರ್ಷದ ದಾಖಲೆಗಿಂತ ಸ್ವಲ್ಪ ಕಡಿಮೆಯೇ, ಯಾಕೆಂದರೆ ಐವತ್ತು ದಾಟಿದ ಮೇಲೆ ಏರಿಕೆ ನಿಧಾನ ಆಗುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಬಡ್ಡಿ ದರ 8 ಇರಲಿ. 2015-16ರಲ್ಲಿ 8.8 ಇತ್ತು, 2021-22ರಲ್ಲಿ 8.1ಕ್ಕೆ ಇಳಿಯಿತು, 2023-24 ಮತ್ತು 2024-25ರಲ್ಲಿ 8.25. ದರವನ್ನು ವರ್ಷ ವರ್ಷ ಘೋಷಿಸುತ್ತಾರೆ. 15 ವರ್ಷಕ್ಕೆ ಇದೇ 8.25 ಅಂತ ಗೆರೆ ಎಳೆಯಲು ನನಗೆ ಧೈರ್ಯ ಸಾಲದು.

ಮೊದಲ ವರ್ಷ, ಅಂದರೆ 2025-26, ಪೆನ್ನಿನಲ್ಲೇ ಮಾಡೋಣ. ವೇತನ 22,000 ಹೋಗಿ 23,100. ನಿಮ್ಮ ಪಾಲು 2,772. ಕಂಪನಿ ಪಾಲು 2,772ರಲ್ಲಿ 1,250 ಕಳೆದು 1,522. ಒಂದು ವಿಷಯ ಗಮನಿಸಿ. ನಿಮ್ಮ ಪಾಲು 5 ಪರ್ಸೆಂಟ್ ಏರಿತು, ಕಂಪನಿ ಪಾಲು 1,390ರಿಂದ 1,522ಕ್ಕೆ, ಅಂದರೆ ಒಂಬತ್ತೂವರೆ ಪರ್ಸೆಂಟ್ ಏರಿತು. ಪೆನ್ಷನ್‌ಗೆ ಹೋಗುವುದು ನಿಂತಲ್ಲೇ ನಿಂತಿದೆ, ಏರಿದ್ದೆಲ್ಲ ಪಿಎಫ್‌ಗೇ ಬೀಳುತ್ತದೆ. ಅದಕ್ಕೇ 'ಒಟ್ಟು ಕಟ್ಟುವುದು ವರ್ಷಕ್ಕೆ 5 ಪರ್ಸೆಂಟ್ ಏರುತ್ತದೆ' ಅಂತ ಒಂದೇ ಏಟಿಗೆ ಹಾಕಬಾರದು. ಪ್ರತಿ ವರ್ಷ ವೇತನದಿಂದ ಶುರುಮಾಡಿ 1,250 ಕಳೆಯಬೇಕು.

ತಿಂಗಳಿಗೆ 4,294, ವರ್ಷಕ್ಕೆ 51,528. ಬಡ್ಡಿ, 5,69,789ಕ್ಕೆ 45,583, ಕಂತುಗಳಿಗೆ 1,889, ಒಟ್ಟು 47,472. ವರ್ಷದ ಕೊನೆಗೆ 6,68,789. ಇನ್ನೊಂದು ವರ್ಷ ಮುಂದೆ ಹೋದರೆ ಕಟ್ಟುವುದು 54,854, ಬಡ್ಡಿ 55,514. ಅಲ್ಲಿಂದಾಚೆಗೆ ನೀವು ಮತ್ತು ಕಂಪನಿ ಸೇರಿ ಹಾಕುವುದಕ್ಕಿಂತ ಬಡ್ಡಿಯೇ ಜಾಸ್ತಿ.

ಹೀಗೇ 15 ಸಲ ಪೆನ್ನಿನಲ್ಲಿ ಬರೆಯುವ ಸಹನೆ ನನಗೂ ಇಲ್ಲ. ಮಗನ ಲ್ಯಾಪ್‌ಟಾಪ್‌ನಲ್ಲೋ ಮೊಬೈಲ್‌ನಲ್ಲೋ ಒಂದು ಶೀಟ್ ತೆರೆದು ಇದನ್ನು ಹಾಕಿ. ಬಿ ಕಾಲಂ ವೇತನ, ಸಿ ವರ್ಷದ ಕಂತು, ಡಿ ಆರಂಭದ ಮೊತ್ತ, ಇ ಬಡ್ಡಿ, ಎಫ್ ಕೊನೆಯ ಮೊತ್ತ.

```
B2: =22000*1.05
C2: =12*(B2*0.24-1250)
D2: 569789
E2: =D2*0.08+C2*0.08*5.5/12
F2: =D2+C2+E2
B3: =B2*1.05
D3: =F2
```

ಸಿ, ಇ, ಎಫ್ ಮೂರನ್ನೂ ಎರಡನೇ ಸಾಲಿನಿಂದ ಕೆಳಕ್ಕೆ ಎಳೆಯಿರಿ. ಬಿ ಮತ್ತು ಡಿಯನ್ನು ಮೂರನೇ ಸಾಲಿನಿಂದ. ಹದಿನಾರನೇ ಸಾಲಿಗೆ 15 ವರ್ಷ ಮುಗಿಯುತ್ತದೆ. `F16`ನಲ್ಲಿ ಬರುವುದು ಸುಮಾರು 38,98,500. ನಾನು ಮೊದಲು ಹೇಳಿದ 39 ಲಕ್ಷ ಇದೇ. ಇದರಲ್ಲಿ ಇವತ್ತು ಇರುವ 5.7 ಲಕ್ಷ ಒಂದೇ ಬೆಳೆದು 18 ಲಕ್ಷ ಆಗಿರುತ್ತದೆ. ಮುಂದೆ ಕಟ್ಟುವುದು, ಅದರ ಬಡ್ಡಿ ಸೇರಿ ಉಳಿದ 21 ಲಕ್ಷ.

ಹಾಗಾದರೆ ಆಪ್‌ನ 50 ಲಕ್ಷ ಎಲ್ಲಿಂದ? ಅದನ್ನೂ ಬಿಚ್ಚಿ ನೋಡಿದೆ. 8.25 ಬಡ್ಡಿ, 8 ಪರ್ಸೆಂಟ್ ಏರಿಕೆ, ಪೆನ್ಷನ್ ಕಳೆಯದೆ ಪೂರ್ತಿ 24 ಪರ್ಸೆಂಟ್ ಪಿಎಫ್‌ಗೇ ಅಂತ ಹಾಕಿದರೆ 50.5 ಲಕ್ಷ ಬರುತ್ತದೆ. ಈಗ ಒಂದೊಂದೇ ಸರಿಮಾಡಿ. ಬಡ್ಡಿಯನ್ನು 8ಕ್ಕೆ ಇಳಿಸಿ, 49.3 ಆಗುತ್ತದೆ. 1,250 ಕಳೆಯಿರಿ, 45.1ಕ್ಕೆ ಬರುತ್ತದೆ. ಏರಿಕೆಯನ್ನು 8ರಿಂದ 5ಕ್ಕೆ ತನ್ನಿ, 39. ಬಡ್ಡಿ ದರದಿಂದ ಹೋಗಿದ್ದು ಒಂದು ಲಕ್ಷ ಚಿಲ್ಲರೆ. ಪೆನ್ಷನ್‌ನಿಂದ ನಾಲ್ಕು ಲಕ್ಷ ಚಿಲ್ಲರೆ. ಗ್ರಾಸ್‌ನ ಏರಿಕೆಯನ್ನು ಬೇಸಿಕ್‌ನ ಏರಿಕೆ ಅಂದುಕೊಂಡದ್ದರಿಂದ ಆರು ಲಕ್ಷ. ಬಡ್ಡಿ ಇನ್ನೂ ಇಳಿದು 15 ವರ್ಷವೂ ಏಳೂವರೆಯೇ ಸಿಕ್ಕಿತು ಅಂದುಕೊಂಡರೂ 37 ಲಕ್ಷಕ್ಕೆ ನಿಲ್ಲುತ್ತದೆ, ಅಂದರೆ ಎರಡು ಲಕ್ಷ ಕಡಿಮೆ.

ಭಾವಮೈದನ 26 ಲಕ್ಷದ ಗುಟ್ಟು ಬೇರೆ. ಅವರ ಚೀಟಿಯಲ್ಲಿ ಪಿಎಫ್ ಕಡಿತ ಸರಿಯಾಗಿ 1,800 ಇದೆಯಾ ಕೇಳಿ. ಇದ್ದರೆ, ಅವರ ಕಂಪನಿ 15,000ದ ಮೇಲೆ ಮಾತ್ರ ಪಿಎಫ್ ಕಟ್ಟುತ್ತಿದೆ. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಅಲ್ಲಿ ಅವರ ಪಾಲು 1,800, ಕಂಪನಿಯದು 550, ತಿಂಗಳಿಗೆ 2,350. ಸಂಬಳ ಎಷ್ಟಾದರೂ ಏರಲಿ, 2,350 ಏರುವುದಿಲ್ಲ. ನಿಮ್ಮಷ್ಟೇ ಬಾಕಿ ಇಟ್ಟುಕೊಂಡು ಅವರು 15 ವರ್ಷ ಹೀಗೆ ಕಟ್ಟಿದರೆ 8ರ ದರದಲ್ಲಿ ಬರುವುದು 26 ಲಕ್ಷವೇ. ಅಂಥವರು ಸಂಬಳ ಏರಿಕೆಯ ಪರ್ಸೆಂಟ್ ಬಗ್ಗೆ ತಲೆ ಕೆಡಿಸಿಕೊಂಡು ಸುಮ್ನೆ ಟೈಮ್ ಹಾಳು. ಅವರ ಶೀಟ್‌ನಲ್ಲಿ ಸಿ ಕಾಲಂ ಎಲ್ಲಾ ವರ್ಷವೂ 28,200. ನೀವು ಮುಂದೆ ಕಂಪನಿ ಬದಲಾಯಿಸುವ ಯೋಚನೆ ಇದ್ದರೆ, ಆಫರ್ ಲೆಟರ್‌ನಲ್ಲಿ ಪಿಎಫ್ ಪೂರ್ತಿ ಬೇಸಿಕ್ ಮೇಲಾ, 15,000ದ ಮೇಲಾ ಅಂತ ಮೊದಲೇ ಕೇಳಿ. ಗ್ರಾಸ್ ಎರಡು ಸಾವಿರ ಜಾಸ್ತಿ ಅಂತ ಹೋಗಿ ಇಲ್ಲಿ 13 ಲಕ್ಷ ಬಿಟ್ಟುಬಂದಿರುತ್ತೀರಿ.

39 ಲಕ್ಷ ಅಂದ ಕೂಡಲೇ ಇವತ್ತಿನ 39 ಲಕ್ಷ ಅಂತ ಕಣ್ಣಮುಂದೆ ಬರುತ್ತದೆ. ಅದು ಬೇಡ. ಬೆಲೆ ಏರಿಕೆಗೆ ಇಷ್ಟು ಅಷ್ಟು ಅಂತ ಊಹಿಸುವುದಕ್ಕಿಂತ ನಾನು ಸಂಬಳದಲ್ಲಿ ಅಳೆಯುತ್ತೇನೆ. 5 ಪರ್ಸೆಂಟ್‌ನಂತೆ 58ಕ್ಕೆ ನಿಮ್ಮ ಬೇಸಿಕ್ 45,700 ಆಗಿರುತ್ತದೆ. 39 ಲಕ್ಷ ಅಂದರೆ ಅಂಥ 85 ತಿಂಗಳ ಬೇಸಿಕ್. ಇವತ್ತು ನಿಮ್ಮ ಪಾಸ್‌ಬುಕ್‌ನಲ್ಲಿರುವುದು 26 ತಿಂಗಳದ್ದು. ಇವತ್ತಿನ 22,000ದ ಲೆಕ್ಕಕ್ಕೆ ತಂದರೆ 18 ಲಕ್ಷ 75 ಸಾವಿರ. ಮನೆಯಲ್ಲಿ ಕೂತು ಮಾತಾಡುವಾಗ ಈ ಅಂಕಿ ಇಟ್ಟುಕೊಳ್ಳಿ.

ಇನ್ನು ಈ ಲೆಕ್ಕ ಎಲ್ಲಿ ಮುರಿಯುತ್ತದೆ ಅನ್ನುವುದು. ದೊಡ್ಡದು ಅಡ್ವಾನ್ಸ್. ಈ ವರ್ಷ ಮನೆಗೋ ಮದುವೆಗೋ ಅಂತ ಒಂದು ಲಕ್ಷ ತೆಗೆದರೆ 58ಕ್ಕೆ ಕಡಿಮೆಯಾಗುವುದು ಒಂದು ಲಕ್ಷ ಅಲ್ಲ, 3 ಲಕ್ಷ 17 ಸಾವಿರ. ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ, ಮಗಳ ಫೀಸ್ ಕಟ್ಟಬೇಕಾದಾಗ ಈ ಲೆಕ್ಕ ಯಾರಿಗೆ ಬೇಕು. ತೆಗೆದ ಮೇಲೆ ಶೀಟ್‌ನಲ್ಲೂ ಕಳೆಯಿರಿ ಅಷ್ಟೇ. ಎರಡನೆಯದು, 15,000ದ ಮಿತಿ. ಸರ್ಕಾರ ಅದನ್ನು ಏರಿಸಿದರೆ ಪೆನ್ಷನ್‌ಗೆ ಹೋಗುವುದೂ ಏರುತ್ತದೆ, ನಿಮ್ಮ ಪಿಎಫ್‌ಗೆ ಬೀಳುವುದು ಅಷ್ಟು ಇಳಿಯುತ್ತದೆ. ಉದಾಹರಣೆಗೆ ಮಿತಿ 25,000 ಆದರೆ 1,250ರ ಜಾಗದಲ್ಲಿ 2,083. ಆಗ ಸಿ ಕಾಲಂನಲ್ಲಿ ಆ ವರ್ಷದಿಂದ ಅಂಕಿ ಬದಲಾಯಿಸಿ. ಭಾವಮೈದನಂಥವರಿಗೆ ಇದೇ ವಿಷಯ ಉಲ್ಟಾ, ಅವರ ಕಂತು ಏರುತ್ತದೆ.

ಹಳೇ ಕಂಪನಿಯ ಪಿಎಫ್ ವರ್ಗ ಮಾಡಿಸದೆ ಬಿಟ್ಟಿದ್ದರೆ ಅದು ಬೇರೆ ಸದಸ್ಯ ಸಂಖ್ಯೆಯ ಕೆಳಗೆ ಬೇರೆ ಪಾಸ್‌ಬುಕ್ ಆಗಿ ಕೂತಿರುತ್ತದೆ. ಲಾಗಿನ್ ಆದಾಗ ಪಟ್ಟಿಯಲ್ಲಿ ಎರಡು ಸಂಖ್ಯೆ ಕಾಣಿಸಿದರೆ ಅದನ್ನೂ ತೆರೆದು ನೋಡಿ. ತೆರಿಗೆ ಬಗ್ಗೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ವರ್ಷಕ್ಕೆ ನಿಮ್ಮ ಪಾಲು ಎರಡೂವರೆ ಲಕ್ಷ ದಾಟಿದರೆ ಮಾತ್ರ ದಾಟಿದ್ದರ ಬಡ್ಡಿಗೆ ತೆರಿಗೆ. ನೀವು ಕೊನೆಯ ವರ್ಷದಲ್ಲೂ 66 ಸಾವಿರದ ಹತ್ತಿರ ಇರುತ್ತೀರಿ.

2025-26ರ ಬಡ್ಡಿ ಪಾಸ್‌ಬುಕ್‌ನಲ್ಲಿ ಕಾಣಿಸುವುದು ಕೆಲವು ತಿಂಗಳು ತಡ ಆಗಬಹುದು. ತಡವಾದರೂ ಅದು 31-03ರ ತಾರೀಖಿಗೇ ಬೀಳುತ್ತದೆ, ನಷ್ಟ ಇಲ್ಲ. ಬಂದ ದಿನ ಕೊನೆಯ ಮೊತ್ತವನ್ನು ನನ್ನ 6,68,789ರ ಪಕ್ಕ ಇಟ್ಟು ನೋಡಿ. ಆ ವರ್ಷದ ದರ 8 ಆಗಿಲ್ಲದಿದ್ದರೆ ಮೊದಲು `E2`ನಲ್ಲಿ ಎರಡು ಕಡೆಯೂ ಇರುವ 0.08 ತಿದ್ದಿ. ವೇತನ 23,100 ಆಗಿಲ್ಲದಿದ್ದರೆ `B2` ತಿದ್ದಿ. ಇವೆರಡನ್ನೂ ತಿದ್ದಿದ ಮೇಲೂ ಸಾವಿರಗಟ್ಟಲೆ ವ್ಯತ್ಯಾಸ ಉಳಿದರೆ, ಪಾಸ್‌ಬುಕ್‌ನಲ್ಲಿ ಯಾವ ತಿಂಗಳ ಸಾಲು ಬಿದ್ದಿಲ್ಲ ಅಂತ ಬೆರಳಿಟ್ಟು ಎಣಿಸಿ, ಆ ತಿಂಗಳ ಚೀಟಿ ಹಿಡಿದು ನಿಮ್ಮ ಎಚ್‌ಆರ್ ಹತ್ತಿರ ಹೋಗಿ.